ಹಾಲಿನಂಥ ಸೀರಂ, ಎರಡು ಸೋಡಿಯಂ

ಬೆಳಿಗ್ಗೆ ಕಂಟ್ರೋಲ್ ಸರಿಬರುವ ತನಕ ರೋಗಿಯ ಸೀರಂ ಮುಟ್ಟುವಂತಿಲ್ಲ. ರಾಯಪುರಂನ ಆ ಆಸ್ಪತ್ರೆಯ ಲ್ಯಾಬಿನಲ್ಲಿ ನಾನಿದ್ದಷ್ಟು ಕಾಲ ಈ ನಿಯಮ ಮುರಿಯಲಿಲ್ಲ. ಕಂಟ್ರೋಲ್ ಎಂದರೆ ಉತ್ತರ ಮೊದಲೇ ಗೊತ್ತಿರುವ ಮಾದರಿ. ಅದು ಸರಿಬಂದರೆ ಯಂತ್ರ ಸರಿ, ಯಂತ್ರ ಸರಿಯಿದ್ದರೆ ರಿಪೋರ್ಟ್ ಸರಿ. ನನ್ನ ಲೆಕ್ಕ ಅಷ್ಟೇ ಇತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಸೌಕಾರ್‌ಪೇಟೆಯ ಹೋಟೆಲೊಂದರ ಅಡುಗೆಯವನನ್ನು ತಡೆಯಲಾರದ ಹೊಟ್ಟೆನೋವೆಂದು ಐಸಿಯುಗೆ ಸೇರಿಸಿದ್ದರು; ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಅವನ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ನಿಂತ ಸೀರಂ ಹಾಲಿನಂತಿತ್ತು. ಅಷ್ಟು ಕೊಬ್ಬು. ಸೋಡಿಯಂ ನೂರಾ ಇಪ್ಪತ್ತೆರಡು ಬಂತು. ನೂರಾ ಮೂವತ್ತೈದಕ್ಕಿಂತ ಕೆಳಗೆ ಇರಬಾರದು. ಮತ್ತೆ ಓಡಿಸಿದೆ. ಅದೇ ಬಂತು. ಐಸಿಯುಗೆ ಫೋನ್ ಮಾಡಿ ಹೇಳಿದೆ.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಕರೆ ಬಂತು. ಡ್ಯೂಟಿ ಡಾಕ್ಟರಮ್ಮ ತಮಿಳಿನವರು. ನಾನು ಒಳಗೆ ಕಾಲಿಡುತ್ತಲೇ, “ಎನ್ನ ಸಾರ್ ಇದು? ಒರೇ ರತ್ತಂ, ರೆಂಡು ನಂಬರಾ?” ಎಂದರು. ಒಂದೇ ರಕ್ತಕ್ಕೆ ಎರಡು ನಂಬರೇ ಎಂಬುದು ಅವರ ಪ್ರಶ್ನೆ. ಐಸಿಯುನಲ್ಲೇ ಇದ್ದ ಚಿಕ್ಕ ಯಂತ್ರ ಅವನ ಸೋಡಿಯಂ ನೂರಾ ಮೂವತ್ತೆಂಟು ಎಂದಿತ್ತು.

ರೋಗಿ ಕಣ್ಣು ಮುಚ್ಚಿಕೊಂಡು ಏನೇನೋ ಬಡಬಡಿಸುತ್ತಿದ್ದ. ನೋವಿನ ಇಂಜೆಕ್ಷನ್ನಿನ ಮಂಪರೋ, ಸೋಡಿಯಂ ಇಳಿದು ಮಿದುಳು ಊದಿಕೊಳ್ಳುತ್ತಿದೆಯೋ ಹೇಳುವಂತಿರಲಿಲ್ಲ. ಗಾಢ ಉಪ್ಪುನೀರಿನ ಬಾಟಲಿ ಆಗಲೇ ಸ್ಟ್ಯಾಂಡಿನಲ್ಲಿ ತೂಗುತ್ತಿತ್ತು, ಹನಿಸಲು ಇನ್ನೂ ಶುರುಮಾಡಿರಲಿಲ್ಲ. ಸೋಡಿಯಂ ನಿಜಕ್ಕೂ ಇಳಿದಿದ್ದರೆ ಅದು ಜೀವ ಉಳಿಸುತ್ತದೆ. ಇಳಿಯದಿದ್ದರೆ, ಸರಿಯಿದ್ದ ಸೋಡಿಯಂ ವಿಪರೀತ ಏರಿ ಮಿದುಳಿಗೇ ಕುತ್ತು.

ಬಾಗಿಲಲ್ಲಿ ರೋಗಿಯ ಅಣ್ಣ ನಿಂತಿದ್ದ. ಕುಂದಾಪುರದ ಕಡೆಯವನು, ಅದೇ ಹೋಟೆಲಿನವನು. ನಾನು ಕನ್ನಡದವನೆಂದು ಗೊತ್ತಾದದ್ದೇ ತಡ, “ದಿನಾ ಅಂಡೆಗಟ್ಟಲೆ ಸಾಂಬಾರಿಗೆ ಉಪ್ಪು ಹಾಕುವವ ಮಾರಾಯ್ರೆ, ಅವನ ಮೈಯಲ್ಲೇ ಉಪ್ಪಿಲ್ಲ ಅಂದ್ರೆ ಹ್ಯಾಂಗೆ?” ಎಂದ.

“ಸ್ವಲ್ಪ ತಡಕೊಳ್ಳಿ” ಎಂದೆ.

ಚಿಕ್ಕ ಯಂತ್ರದ ಮೇಲೆ ನನ್ನ ಗುಮಾನಿ. ರಕ್ತ ಹೆಪ್ಪುಗಟ್ಟದಂತೆ ಸಿರಿಂಜಿನಲ್ಲಿ ಹಾಕಿದ್ದ ಹೆಪಾರಿನ್‌ನಲ್ಲೂ ಸೋಡಿಯಂ ಇರಬಹುದು, ಅದೇ ಸೇರಿಕೊಂಡಿತೇ? ಕೆಳಗಿನ ಲ್ಯಾಬಿನಿಂದ ಆ ಹಾಲುಬಿಳಿ ಸೀರಂ ತರಿಸಿ ಚಿಕ್ಕ ಯಂತ್ರಕ್ಕೇ ಹಾಕಿದೆ. ಮತ್ತೆ ನೂರಾ ಮೂವತ್ತೆಂಟು. ಕಂಟ್ರೋಲ್ ಹಾಕಿದೆ, ಸರಿ. ಲ್ಯಾಬಿಗಿಳಿದು ನನ್ನ ಯಂತ್ರದ ಕಂಟ್ರೋಲ್ ಹಾಕಿದೆ, ಅದೂ ಸರಿ. ಎರಡೂ ಸೋಡಿಯಂ ಅಳೆಯುವುದು ಒಂದೇ ಬಗೆಯ ಎಲೆಕ್ಟ್ರೋಡಿನಿಂದ. ತಪ್ಪಿದ್ದರೆ ಹುಡುಕಬಹುದು, ಎರಡೂ ಸರಿಯಿದ್ದರೆ ಏನು ಹುಡುಕುವುದು?

ಡಾಕ್ಟರಮ್ಮ ಹಿಂದೆಯೇ ಇಳಿದು ಬಂದಿದ್ದರು. “ಉಂಗ ಮೆಷಿನ್ ಸೀರಂನ ಅಪ್ಪಡಿಯೇ ಅಳಕ್ಕುಮಾ?” ಎಂದರು. ನಿಮ್ಮ ಯಂತ್ರ ಸೀರಮ್ಮನ್ನು ಹಾಗೆಹಾಗೇ ಅಳೆಯುತ್ತದೆಯೇ ಎಂದು.

“ಇಲ್ಲ, ಮೊದಲು ದ್ರಾವಣ ಬೆರೆಸಿ ತೆಳುಮಾಡುತ್ತೆ. ಎಲ್ಲರ ಸೀರಮ್ಮಿಗೂ ಅಷ್ಟೇ ಅಳತೆ.”

ಹೇಳುತ್ತಿದ್ದಂತೆ ಹೊಳೆಯಿತು. ಐಸಿಯುನ ಯಂತ್ರ ತೆಳುಮಾಡುವುದಿಲ್ಲ. ಎಲೆಕ್ಟ್ರೋಡ್ ನೇರವಾಗಿ ಸೀರಂನ ನೀರನ್ನೇ ನೋಡುತ್ತದೆ. ಉಪ್ಪಿರುವುದು ನೀರಿನಲ್ಲಿ, ಕೊಬ್ಬಿನಲ್ಲಲ್ಲ. ನನ್ನ ಯಂತ್ರ ಹೀರುವ ಅಳತೆಯಲ್ಲಿ ನೀರಿನ ಪಾಲು ನೂರಕ್ಕೆ ತೊಂಬತ್ತಮೂರರಷ್ಟು ಇದ್ದೇ ಇದೆ ಎಂದು ಮೊದಲೇ ಹಿಡಿದ ಲೆಕ್ಕ. ಈ ಸೀರಂನಲ್ಲಿ ಕೊಬ್ಬೇ ಜಾಗ ತಿಂದಿತ್ತು. ತರಕಾರಿ ತುಂಬಿದ ಸಾಂಬಾರಿನ ಸೌಟಿನಲ್ಲಿ ರಸ ಕಮ್ಮಿ ಬರುವುದಿಲ್ಲವೇ? ರಸದ ಉಪ್ಪು ಸರಿಯೇ ಇದ್ದರೂ ಸೌಟಿನಲ್ಲಿ ಬಂದ ಉಪ್ಪು ಕಮ್ಮಿ. ಕಂಟ್ರೋಲಿನಲ್ಲಿ ಅಂಥ ಕೊಬ್ಬಿಲ್ಲ, ಹಾಗಾಗಿ ಅದು ಪಾಸು.

ಆದರೂ ಧೈರ್ಯ ಸಾಲಲಿಲ್ಲ. ಹೊಳೆದದ್ದೆಲ್ಲ ನಿಜವಾಗಬೇಕಿಲ್ಲವಲ್ಲ. ಸಂಶೋಧನೆಯ ಕೋಣೆಯಲ್ಲಿದ್ದ ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ಸೀರಂ ತಿರುಗಿಸಿದೆ. ಕೊಬ್ಬು ಕೆನೆಯಂತೆ ಮೇಲೆ ಕಟ್ಟಿತು. ಕೆಳಗಿನ ತಿಳಿಯನ್ನು ಹೀರಿ ನನ್ನ ಯಂತ್ರಕ್ಕೇ ಕೊಟ್ಟೆ.

ನೂರಾ ಮೂವತ್ತೇಳು.

ಡಾಕ್ಟರಮ್ಮ ನಂಬರು ನೋಡಿ ಮೆಟ್ಟಿಲು ಹತ್ತಿದರು. ನಾನು ಹೋಗುವಷ್ಟರಲ್ಲಿ ಸ್ಟ್ಯಾಂಡಿನಿಂದ ಬಾಟಲಿ ಇಳಿದಿತ್ತು, ಸೀಲ್ ಒಡೆದಿರಲಿಲ್ಲ. ಸಂಜೆಯ ಹೊತ್ತಿಗೆ ಮಂಪರು ಇಳಿದು ರೋಗಿ ಅಣ್ಣನ ಹೆಸರು ಹಿಡಿದು ಕರೆದನಂತೆ. ಹೊಟ್ಟೆಯ ಕಾಯಿಲೆ ಇನ್ನೂ ಇತ್ತು, ಅದರ ಚಿಕಿತ್ಸೆ ಬೇರೆ.

“ಹಾಗಾದ್ರೆ ಉಪ್ಪು ಕಮ್ಮಿ ಆಗ್ಲೇ ಇಲ್ವಾ?” ಅಣ್ಣ ಕೇಳಿದ.

“ಇಲ್ಲ.”

“ಮತ್ತೆ ನಿಮ್ಮ ಮಿಷನ್ ಹಾಳಾಗಿತ್ತಾ?”

“ಅದೂ ಇಲ್ಲ.”

ಅವನು ನನ್ನ ಮುಖವನ್ನೇ ನೋಡಿದ. “ಎಂಥದು ಮಾರಾಯ್ರೆ ನೀವು!” ಎಂದು ತಮ್ಮನ ಹತ್ತಿರ ಹೋದ. ಕೆಳಗಿಳಿದು ರಿಪೋರ್ಟಿನಲ್ಲಿ ನನ್ನ ಯಂತ್ರದ ಮೊದಲ ನಂಬರು ಹೊಡೆದು ಹಾಕಿ ಐಸಿಯು ಯಂತ್ರದ ನೂರಾ ಮೂವತ್ತೆಂಟು ಬರೆದೆ. ಮರುದಿನ ಬೆಳಿಗ್ಗೆ ಎಂದಿನಂತೆ ಕಂಟ್ರೋಲ್ ಸರಿಬಂತು. ಆದರೂ ಮೊದಲ ಸೀರಂ ಟ್ಯೂಬನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದ ಮೇಲೇ ಯಂತ್ರಕ್ಕಿಟ್ಟೆ.