ನಮಸ್ಕಾರಕ್ಕಿಂತ ಮೊದಲಿನ ಸಾಲು

ಬಸ್ ನಿಲ್ದಾಣದ ಮಹಡಿಯ ಮೇಲೆ ಒಂದು ಗಾಜಿನ ಗೂಡಿದೆ. ಅದರೊಳಗೆ ಒಂದು ಮೈಕು, ಒಂದು ಗೋಡೆ ಗಡಿಯಾರ, ಕೈ ಮುರಿದ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕುಳಿತು ಬಸ್ಸುಗಳು ಹೊರಡುವ ಹೊತ್ತನ್ನು ಹೇಳುತ್ತಿದ್ದ ಹೆಂಗಸನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ತರಕಾರಿ ಕೊಳ್ಳಲು ಹೋಗಿ ಬಾಯಿ ತೆರೆದರೆ ಸಾಕು, ಪಕ್ಕದಲ್ಲಿದ್ದವರು ತಮ್ಮ ಚೀಲ ಎತ್ತಿಕೊಳ್ಳುತ್ತಿದ್ದರು. ಅಷ್ಟು ಪರಿಚಿತ ದನಿ.

ಕೆಲಸಕ್ಕೆ ಸೇರಿದ ಮೊದಲ ದಿನ ಆಕೆ "ಮಾನ್ಯ ಪ್ರಯಾಣಿಕರೇ, ತಮ್ಮೆಲ್ಲರಿಗೂ ನಮಸ್ಕಾರ, ತಮ್ಮ ಗಮನಕ್ಕೆ ತರುವುದೇನೆಂದರೆ" ಎಂದು ಶುರುಮಾಡಿದ್ದಳು. ಹಿಂದಿದ್ದ ಹಳೆಯ ಗುಮಾಸ್ತರು ಮೈಕಿನ ಗುಂಡಿ ಆರಿಸಿ, "ನೀನು ನಮಸ್ಕಾರ ಮುಗಿಸೋದ್ರೊಳಗೆ ಬಸ್ಸು ಗೇಟು ದಾಟಿರುತ್ತೆ ಕಣಮ್ಮ. ಊರಿನ ಹೆಸರು ಮೊದಲು ಹೇಳು. ತನ್ನ ಊರು ಕಿವಿಗೆ ಬಿದ್ದವನು ತಾನೇ ನಿಂತು ಕೇಳ್ತಾನೆ" ಎಂದಿದ್ದರು. ಅಂದಿನಿಂದ ಊರು ಮೊದಲು, ಬಸ್ಸು ನಿಂತ ಜಾಗ ಆಮೇಲೆ, ಹೊರಡುವ ಹೊತ್ತು ಅದರ ನಂತರ. ನಮಸ್ಕಾರಕ್ಕೆ ಜಾಗ ಉಳಿದರೆ ಕೊನೆಗೆ.

ಮೈಕಕ್ಕನಿಗೆ ಮಕ್ಕಳಿಲ್ಲ. ತಂಗಿಯ ಮಗಳೊಬ್ಬಳು ಕಾಲೇಜು ಓದಲು ಬಂದು ಅವಳ ಮನೆಯಲ್ಲಿದ್ದಳು. ಹುಡುಗಿಗೆ ಹುಟ್ಟಿನಿಂದ ಕಣ್ಣು ಕಾಣದು. ಪಾಠವನ್ನು ಕೇಳಿ ಕಲಿಯುತ್ತಿದ್ದಳು. ಪರೀಕ್ಷೆಯಲ್ಲಿ ಅವಳು ಬಾಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ಕುಳಿತವರೊಬ್ಬರು ಉತ್ತರಪತ್ರಿಕೆಯಲ್ಲಿ ಬರೆಯುತ್ತಿದ್ದರು. ಹಾಗೆ ಬರೆದುಕೊಡಲು ಒಪ್ಪಿದ್ದ ಹೆಂಗಸು ಆ ಭಾನುವಾರ ಮೆಟ್ಟಿಲಿನಿಂದ ಜಾರಿ ಬಲಗೈ ಮುರಿದುಕೊಂಡಳು. ಅರ್ಥಶಾಸ್ತ್ರದ ಪರೀಕ್ಷೆ ಇದ್ದದ್ದು ಗುರುವಾರ. ಬೇರೊಬ್ಬರ ಹೆಸರನ್ನು ಬುಧವಾರ ಸಂಜೆ ನಾಲ್ಕರೊಳಗೆ ಕಾಲೇಜಿಗೆ ಕೊಡದಿದ್ದರೆ ಪರೀಕ್ಷೆ ಹೋಯಿತು, ಅದರ ಜೊತೆಗೆ ಒಂದು ವರ್ಷವೂ ಹೋಯಿತು.

"ನಾನೇ ಬರೀತೀನಲ್ಲ," ಎಂದಳು ಮೈಕಕ್ಕ.

"ನೆಂಟರು ಬರೆಯೋ ಹಾಗಿಲ್ಲ ದೊಡ್ಡಮ್ಮ. ಅದೂ ಅಲ್ದೆ ನಿನ್ನ ಅಕ್ಷರ ಓದೋಕೆ ಇನ್ನೊಬ್ಬರನ್ನ ಕರೀಬೇಕಾಗುತ್ತೆ."

ಪಕ್ಕದ ಬೀದಿಯಲ್ಲಿ ದೃಷ್ಟಿ ಇಲ್ಲದ ಮಕ್ಕಳಿಗಾಗಿ ಒಂದು ಸಣ್ಣ ಸಂಘವಿತ್ತು. ಅದರ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಸಂಘಕ್ಕೊಂದು ಫೇಸ್‌ಬುಕ್ ಪುಟವೂ ಇತ್ತು, ಮೂರು ಸಾವಿರ ಜನ ಅದನ್ನು ನೋಡುತ್ತಿದ್ದರು. ಮೇಷ್ಟ್ರು ವಿಷಯ ತಿಳಿದ ಕೂಡಲೇ ಊಟವನ್ನೂ ಮಾಡದೆ ಕುಳಿತು ಒಂದು ಮನವಿ ಬರೆದು ಅದರಲ್ಲಿ ಹಾಕಿದರು. ಅದು ಹೀಗೆ ಆರಂಭವಾಗುತ್ತಿತ್ತು: "ಸಮಸ್ತ ಬಂಧುಗಳಿಗೂ ಹಿತೈಷಿಗಳಿಗೂ ಗೌರವಪೂರ್ವಕ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ಸಂಘವು ಹದಿನೆಂಟು ವರ್ಷಗಳ ಹಿಂದೆ ಐದು ಮಂದಿ ಸಮಾನಮನಸ್ಕರ ಪ್ರಯತ್ನದಿಂದ ಸ್ಥಾಪಿತವಾಗಿ..."

ಒಂದು ಕಾಗುಣಿತವೂ ತಪ್ಪಿರಲಿಲ್ಲ. ಸೋಮವಾರ ಬೆಳಗಿನ ಹೊತ್ತಿಗೆ ಹದಿನಾಲ್ಕು ಮಂದಿ ಅದನ್ನು ಮೆಚ್ಚಿದ್ದರು. ಅವರಲ್ಲಿ ಐವರು ಆ ಸಮಾನಮನಸ್ಕರು, ಉಳಿದವರು ಮೇಷ್ಟ್ರ ಬಳಗ. ಫೋನು ಮಾತ್ರ ಒಮ್ಮೆಯೂ ರಿಂಗಾಗಲಿಲ್ಲ.

ಮೈಕಕ್ಕ ಗೂಡಿನಲ್ಲಿ ಕುಳಿತೇ ತನ್ನ ಫೋನಿನಲ್ಲಿ ಆ ಮನವಿಯನ್ನು ತೆರೆದಳು. ಪರದೆಯ ಮೇಲೆ ಕಂಡದ್ದು ನಮಸ್ಕಾರ, ಕ್ಷೇಮ ಮತ್ತು ಹದಿನೆಂಟು ವರ್ಷ. ಅದರ ಕೆಳಗೆ "ಇನ್ನಷ್ಟು ನೋಡಿ" ಎಂಬ ಪದ. ಹುಡುಗಿಯ ಸುದ್ದಿಯೆಲ್ಲ ಆ ಪದದ ಹಿಂದೆ ಅವಿತಿತ್ತು. ಮಧ್ಯಾಹ್ನ ಮೇಷ್ಟ್ರ ಕೋಣೆಗೆ ಹೋಗಿ, "ಮೇಷ್ಟ್ರೇ, ಮೊದಲ ಸಾಲು ಜನರನ್ನ ಹಿಡಿದು ನಿಲ್ಲಿಸೋ ಹಾಗಿರಬೇಕು. ನಾನೊಂದು ಬರೀಲಾ?" ಎಂದು ಕೇಳಿದಳು.

"ನಮಸ್ಕಾರ ಹೇಳದೆ ಮಾತಿಗಿಳಿಯೋದು ಚಪ್ಪಲಿ ಕಾಲಲ್ಲಿ ಅಡುಗೆಮನೆಗೆ ಹೋದ ಹಾಗಮ್ಮ," ಎಂದರು ಮೇಷ್ಟ್ರು. ಆದರೂ ಹುಡುಗಿಯ ಮುಖ ನೆನೆದು ಕೀಲಿಮಣೆಯನ್ನು ಅವಳತ್ತ ಸರಿಸಿದರು.

ಮೈಕಿನ ಮುಂದೆ ಇಪ್ಪತ್ತಾರು ವರ್ಷ ಕಲಿತದ್ದು ಬರೆಯುವ ಹೊತ್ತಿಗೆ ಅವಳಿಗೆ ನೆನಪಾಗಲಿಲ್ಲ. ಬರವಣಿಗೆಯೆಂದರೆ ಎದೆ ಕಲಕಬೇಕು ಎಂದುಕೊಂಡಳು. "ಗುರುವಾರ ಈ ಅಂಧ ಬಾಲೆಯ ಬಾಳು ಕತ್ತಲಾಗಲಿದೆ" ಎಂದು ಬರೆದು, ಉಳಿದದ್ದನ್ನು ಹಾಗೇ ಬಿಟ್ಟು, ಮನವಿಯನ್ನು ಹೊಸದಾಗಿ ಹಾಕಿದಳು.

ಜನ ನಿಂತರು. ನಿಂತದ್ದೂ ಎಂಥ ನಿಲ್ಲುವಿಕೆ. ಕತ್ತಲಾಗುವ ಹೊತ್ತಿಗೆ ಆರುನೂರು ಮಂದಿ ಕಣ್ಣೀರಿನ ಚಿತ್ರ, ಮುಗಿದ ಕೈಗಳ ಚಿತ್ರ ಹಾಕಿದ್ದರು. ಒಬ್ಬರು ಕಣ್ಣಿನ ವೈದ್ಯರ ವಿಳಾಸ ಕೊಟ್ಟಿದ್ದರು. ಇನ್ನೊಬ್ಬರು ದಿನಕ್ಕೆರಡು ಕ್ಯಾರೆಟ್ ತಿನ್ನಿಸಿ ಎಂದಿದ್ದರು. ಪರೀಕ್ಷೆ ಬರೆಯಲು ಬರುತ್ತೇನೆ ಎಂದವರು ಒಬ್ಬರೂ ಇಲ್ಲ. ಮರುಗಿದವರಿಗೆ ಮರುಗುವುದೇ ಕೆಲಸವಾಯಿತು. ಏನು ಮಾಡಬೇಕೆಂದು ಕೆಳಗೆ ಇಳಿದು ಓದಲೇ ಇಲ್ಲ.

ಮಂಗಳವಾರ ಬೆಳಗ್ಗೆ ಹುಡುಗಿ ತಿಂಡಿಯ ತಟ್ಟೆ ಸರಿಸಿ ಕುಳಿತಿದ್ದಳು.

"ನನ್ನ ಬಾಳು ಕತ್ತಲಾಗುತ್ತೆ ಅಂತ ನಿನಗ್ಯಾರು ಹೇಳಿದ್ರು ದೊಡ್ಡಮ್ಮ?"

ಮೈಕಕ್ಕ ತಬ್ಬಿಬ್ಬಾದಳು. "ಜನ ನಿಲ್ಲಲಿ ಅಂತ ಬರೆದೆ ಮಗಾ."

"ನಿಂತು ಅತ್ತು ಹೋದ್ರು. ಕ್ಲಾಸಿನವರೆಲ್ಲ ಓದಿದ್ದಾರೆ. ಒಬ್ಬಳು ಫೋನ್ ಮಾಡಿ ಸಮಾಧಾನ ಮಾಡಿದ್ಳು. ಅವಳಿಗೆ ಪಾಠ ಹೇಳಿಕೊಡೋದು ನಾನು."

ಮೈಕಕ್ಕ ತಟ್ಟೆಯನ್ನು ಮತ್ತೆ ಅವಳ ಕೈಯ ಬಳಿಗೆ ತಳ್ಳಿ, "ತಪ್ಪಾಯ್ತು. ಇವತ್ತೇ ತೆಗೀತೀನಿ. ಆದ್ರೆ ಅದರ ಜಾಗಕ್ಕೆ ಏನು ಹಾಕೋದು ಅಂತ ನೀನೇ ಹೇಳು" ಎಂದಳು.

ಹುಡುಗಿ ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ಅದು ಪರದೆಯಲ್ಲಿದ್ದ ಬರಹವನ್ನೆಲ್ಲ ಗಟ್ಟಿಯಾಗಿ ಓದುವ ಫೋನು. "ನಾನು ಹೇಗೆ ಓದ್ತೀನಿ ಅಂತ ಕೇಳಿಸ್ಕೋ" ಎಂದು ಬೆರಳು ಜಾರಿಸಿದಳು. ಫೋನು "ಸ್ನೇಹಿತರೇ ಶುಭೋದಯ" ಎಂದಿತು; ಬೆರಳು ಸರಕ್ಕನೆ ಮುಂದೆ. "ನಾನು ಬಹಳ ದಿನಗಳಿಂದ ಹೇಳಬೇಕೆಂದು" ಎಂದಿತು, ಮತ್ತೆ ಮುಂದೆ. "ಸಮಸ್ತ ಬಂಧುಗಳಿಗೂ ಹಿತೈ" ಎಂಬಲ್ಲಿಗೆ ಮೇಷ್ಟ್ರ ಮನವಿಯೂ ಹಾರಿಹೋಯಿತು.

"ಅಯ್ಯೋ, ಅದು ನಿನ್ನ ವಿಷಯಾನೇ ಕಣೇ."

"ಹಿತೈಷಿ ಅನ್ನೋವರೆಗೆ ಅದು ನನ್ನ ವಿಷಯ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಮೈಕಕ್ಕನಿಗೆ ನಗು ಬಂತು. ಬಸ್ಸು ಗೇಟು ದಾಟಿತ್ತು. ಊರಿನ ಹೆಸರು ಯಾರೂ ಹೇಳಿರಲಿಲ್ಲ.

ಪಾಳಿ ಮುಗಿದ ಮೇಲೆ ಇಬ್ಬರೂ ಮೇಷ್ಟ್ರ ಕೋಣೆಯಲ್ಲಿ ಕುಳಿತರು. ಮೇಷ್ಟ್ರು ತಮ್ಮ ಮನವಿಯನ್ನು ಮೊದಲಿನಿಂದ ಓದತೊಡಗಿದರು. ಮೈಕಕ್ಕ ಕಣ್ಣು ಮುಚ್ಚಿ, ನಿಲ್ದಾಣದ ನಡುವೆ ಗಂಟು ಹೊತ್ತು ಓಡುತ್ತಿರುವವಳ ಹಾಗೆ ಕೇಳಿದಳು. ಎಲ್ಲಿ ಕಾಲು ತಾನಾಗಿ ನಿಲ್ಲುತ್ತದೆಯೋ ನೋಡೋಣ ಎಂದು. ಸ್ಥಾಪನೆ ಕಳೆಯಿತು, ವಾರ್ಷಿಕೋತ್ಸವ ಕಳೆಯಿತು, ದಾನಿಗಳ ಹೆಸರು ಕಳೆಯಿತು. ನಾಲ್ಕನೆಯ ಪ್ಯಾರಾದ ನಡುವೆ ಮೇಷ್ಟ್ರು ಓದಿದರು: "ಬರೆದುಕೊಡುವವರು ಸದರಿ ವಿಷಯವನ್ನು ವ್ಯಾಸಂಗ ಮಾಡಿದವರಾಗಿರಬಾರದೆಂಬ ನಿಯಮವಿರುತ್ತದೆ."

"ನಿಲ್ಲಿಸಿ ಮೇಷ್ಟ್ರೇ. ಏನಂದ್ರಿ?"

"ನಿಯಮ ಅಮ್ಮ. ಅರ್ಥಶಾಸ್ತ್ರ ಓದಿದವರು ಪಕ್ಕದಲ್ಲಿ ಕೂತ್ರೆ ಉತ್ತರ ತಾವೇ ಬರೆದುಬಿಡಬಹುದು ಅಂತ. ಗೊತ್ತಿಲ್ಲದವರೇ ಆಗಬೇಕು."

"ಗೊತ್ತಿಲ್ಲದವರೇ ಬೇಕು ಅಂತ ಜಗತ್ತಿನಲ್ಲಿ ಯಾರಾದ್ರೂ ಕೇಳ್ತಾರಾ? ಇಂಥ ಮಾತನ್ನ ನಾಲ್ಕನೇ ಪ್ಯಾರಾದಲ್ಲಿ ಹೂತಿಟ್ಟಿದ್ದೀರಲ್ಲ."

ಹುಡುಗಿ ಕುರ್ಚಿಯ ತುದಿಗೆ ಬಂದು ಕುಳಿತಳು. ಮೂವರೂ ಸೇರಿ ಒಂದೊಂದೇ ಪದ ಜೋಡಿಸಿದರು. ಮೈಕಕ್ಕ "ಹಾಸ್ಯ ಅಂದ್ಕೋಬಾರದು, ಮುಂದಿನ ಸಾಲಿನಲ್ಲೇ ಯಾಕೆ ಅಂತ ಇರಬೇಕು" ಎಂದಳು. ಹುಡುಗಿ "ಪಾಪ ಅನ್ನೋ ಪದ ಎಲ್ಲೂ ಬೇಡ" ಎಂದಳು. ಮೇಷ್ಟ್ರು ಪೂರ್ಣವಿರಾಮ ಇಟ್ಟರು. ಕೊನೆಗೆ ಉಳಿದದ್ದು ಇಷ್ಟು:

"ಅರ್ಥಶಾಸ್ತ್ರದ ಗಂಧಗಾಳಿ ಇಲ್ಲದವರು ಬೇಕಾಗಿದ್ದಾರೆ. ಉತ್ತರ ಹುಡುಗಿಗೆ ಗೊತ್ತು, ಬರೆಯಲು ಒಂದು ಕೈ ಬೇಕು. ಗುರುವಾರ ಬೆಳಗ್ಗೆ, ಮೂರು ತಾಸಿನ ಕೆಲಸ."

ಹುಡುಗಿ ಫೋನಿನಲ್ಲಿ ಅದನ್ನು ಓದಿಸಿದಳು. "ಇನ್ನಷ್ಟು ನೋಡಿ" ಎಂಬ ಪದ ಬರುವ ಮೊದಲೇ ಮೂರು ವಾಕ್ಯವೂ ಮುಗಿದಿದ್ದವು. ಅದರ ಕೆಳಗೆ ಫೋನ್ ನಂಬರು, ನಿಯಮಗಳು, ಬುಧವಾರ ನಾಲ್ಕು ಗಂಟೆಯ ಗಡುವು.

"ನನ್ನ ನಮಸ್ಕಾರ?" ಎಂದರು ಮೇಷ್ಟ್ರು ಮೆಲ್ಲಗೆ.

"ಕೊನೆಗೆ ಇಡೋಣ ಮೇಷ್ಟ್ರೇ. ಬಂದವರನ್ನ ಬೀಳ್ಕೊಡುವಾಗಲೂ ಕೈ ಮುಗೀತೀವಲ್ಲ."

"ಹದಿನೆಂಟು ವರ್ಷ?"

"ಅದಕ್ಕೆ ಬೇರೆ ದಿನ ಬೇರೆ ಮನವಿ."

ಮಂಗಳವಾರ ಸಂಜೆ ಏಳಕ್ಕೆ, ಜನ ಬಸ್ಸಿನಲ್ಲಿ ಕುಳಿತು ಫೋನು ನೋಡುವ ಹೊತ್ತಿಗೆ, ಹಳೆಯ ಎರಡನ್ನೂ ತೆಗೆದು ಹೊಸದನ್ನು ಹಾಕಿದರು. ಕಣ್ಣೀರಿನ ಚಿತ್ರಗಳು ಈ ಬಾರಿ ಬರಲಿಲ್ಲ. ಬುಧವಾರ ಬೆಳಗ್ಗೆ ಮೊದಲ ಕರೆ ಬಂತು.

"ಅರ್ಥಶಾಸ್ತ್ರದಲ್ಲಿ ನಾನು ಎರಡು ಸಲ ಫೇಲಾಗಿದ್ದೀನಿ ಸಾರ್, ಬರಬಹುದಾ?" ಎಂದನೊಬ್ಬ.

"ಫೇಲಾದರೂ ಓದಿದ ಹಾಗೇ ಲೆಕ್ಕ ಕಣಪ್ಪ. ಕ್ಷಮಿಸು," ಎಂದರು ಮೇಷ್ಟ್ರು.

ಎರಡನೆಯವರ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಮೂರನೆಯವಳು ಹುಡುಗಿಯ ಸೋದರತ್ತೆಯೇ; ದನಿ ಬದಲಿಸಿ ಮಾತಾಡಿದ್ದಳು, ಸಿಕ್ಕಿಬಿದ್ದಳು. ಗಂಟೆ ಎರಡೂವರೆಯಾಯಿತು. ಮೈಕಕ್ಕ ಗೂಡಿನಲ್ಲಿ ಕುಳಿತು ಗಡಿಯಾರ ನೋಡುತ್ತಿದ್ದವಳು, ಒಂದು ಬಸ್ಸನ್ನು ಎರಡು ಬಾರಿ ಹೊರಡಿಸಿದಳು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಪಾರ್ಸೆಲ್ ಆಫೀಸಿನ ಹೆಂಗಸೊಬ್ಬಳು ಸಂಘದ ಬಾಗಿಲಲ್ಲಿ ಬಂದು ನಿಂತಳು. ನಲವತ್ತರ ಆಸುಪಾಸು, ಬಲಗೈ ಹೆಬ್ಬೆರಳಿಗೆ ಶಾಯಿ ಮೆತ್ತಿತ್ತು. ಇಡೀ ದಿನ ವಿಳಾಸ ಬರೆಯುವ ಕೈ ಅದು, ಅಕ್ಷರ ಮುತ್ತಿನಂತೆ.

"ಹತ್ತನೇ ಕ್ಲಾಸಿಗೇ ಓದು ಬಿಟ್ಟೆ ಸಾರ್," ಎಂದಳು. "ಎಲ್ಲಿ ಹೋದ್ರೂ ಎಷ್ಟು ಓದಿದ್ದೀರಿ ಅಂತ ಕೇಳ್ತಾರೆ, ತಲೆ ತಗ್ಗಿಸ್ತೀನಿ. ಗೊತ್ತಿಲ್ಲದವರು ಬೇಕು ಅಂತ ಕಂಡ ಕೂಡಲೇ ಬೆರಳು ನಿಂತುಬಿಡ್ತು. ನಿಜವಾಗಿಯೂ ಅದೇನಾ ಬೇಕಾಗಿರೋದು?"

"ಅದೇ ಬೇಕಾಗಿರೋದು ತಾಯಿ. ಕುಳಿತುಕೊಳ್ಳಿ," ಎಂದರು ಮೇಷ್ಟ್ರು. ಅವರ ಕನ್ನಡಕ ಮಂಜಾಗಿತ್ತು.

ಗುರುತಿನ ಚೀಟಿಯ ನಕಲಿನೊಡನೆ ಅವಳ ಹೆಸರು ನಾಲ್ಕಕ್ಕೆ ಕಾಲು ಗಂಟೆ ಇರುವಾಗ ಕಾಲೇಜು ಸೇರಿತು.

ಗುರುವಾರ ಮಧ್ಯಾಹ್ನ ಹುಡುಗಿ ಪಾರ್ಸೆಲ್ ಆಫೀಸಿನವಳ ತೋಳು ಹಿಡಿದು ನಿಲ್ದಾಣದ ಮೆಟ್ಟಿಲೇರಿ ಬಂದಳು. ಮೈಕಕ್ಕ ಗುಂಡಿ ಆರಿಸಿ ಎದ್ದು ನಿಂತಳು.

"ಎಲ್ಲ ಬರೆದ್ಯಾ?"

"ಎಲ್ಲ. ಈ ಅಕ್ಕ ಒಂದು ಪದಾನೂ ಬಿಡದೆ ಬರೆದ್ರು. ನನಗೆ ಕೊಟ್ಟ ಹೆಚ್ಚಿನ ಹೊತ್ತು ಬೇಕಾಗಲೇ ಇಲ್ಲ."

"ಅದು ಹೇಗೆ?"

"ಎಲ್ಲ ಪ್ರಶ್ನೆಗೂ ಮೊದಲ ಸಾಲಿನಲ್ಲೇ ಉತ್ತರ ಹೇಳಿದೆ ದೊಡ್ಡಮ್ಮ. ಪೀಠಿಕೆ ಆಮೇಲೆ." ಹುಡುಗಿ ದನಿ ತಗ್ಗಿಸಿದಳು. "ಮೇಷ್ಟ್ರಿಗೆ ಹೇಳಬೇಡ."

ಪಾರ್ಸೆಲ್ ಆಫೀಸಿನವಳು ನಗುತ್ತ ಶಾಯಿ ಮೆತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಮುಂದಿನ ಪರೀಕ್ಷೆ ಯಾವ ವಿಷಯ?" ಎಂದು ಕೇಳಿದಳು. "ಅದೂ ನನಗೆ ಗೊತ್ತಿರಲಾರದು."