ಹುಣಸೆ ಬೀಜದ ಪಾಳಿ

ಶಿರಾದ ಹೈಸ್ಕೂಲಿನಲ್ಲಿ ನನ್ನ ತರಗತಿಗೆ ಬೆಂಚು ಸಾಲದಷ್ಟು ಮಕ್ಕಳು. ಪ್ರಬಂಧ ಸ್ವಂತದ್ದೋ, ನಕಲೋ ಎಂದು ಎಲ್ಲರನ್ನೂ ವಿಚಾರಿಸಲು ನನಗೇನು ಹತ್ತು ಬಾಯಿಯೇ? ಹಾಜರಿ ನಂಬರು ಬರೆದ ಹುಣಸೆ ಬೀಜಗಳನ್ನು ಡಬ್ಬಿಗೆ ಹಾಕಿ, ಕಣ್ಣು ಮುಚ್ಚಿ ವಾರಕ್ಕೆ ಐದು ಎತ್ತುತ್ತಿದ್ದೆ. ಸಿಕ್ಕವನು ಜಾಣನಾಗಲಿ, ದಡ್ಡನಾಗಲಿ, ತಾನು ಬರೆದದ್ದನ್ನು ನನ್ನೆದುರು ಬಾಯಲ್ಲಿ ಹೇಳಬೇಕು. ಆಮೇಲೆ ಬೀಜ ಮತ್ತೆ ಡಬ್ಬಿಗೇ.

ಅದನ್ನು ಗಮನಿಸದ ಒಬ್ಬ ಮರುವಾರವೂ ಸಿಕ್ಕಿಬಿದ್ದ.

"ನನ್ ಪಾಳಿ ಹೋದ್ವಾರನೇ ಮುಗೀತಲ್ಲ ಸಾ."

"ಇದೇನು ಕೆರೆ ನೀರಿನ ಪಾಳೀನೇನೋ? ನಿಮ್ಮ ತಾತನ ಗಡ್ಡದ ವಿಷಯ ಬರೆದಿದ್ದೀಯಲ್ಲ, ಹೇಳು."

"ನಾ ನೋಡಿಲ್ಲ ಸಾ. ಅದು ಪಕ್ಕದ ಬೆಂಚಿನವನ ತಾತ."

ನನಗೆ ನಗು ತಡೆಯಲಾಗಲಿಲ್ಲ. ಬೆತ್ತ ಬಿಟ್ಟು, ಮತ್ತೆ ಬರೆದು ತಾ ಎಂದೆ. ತಂದ: 'ನಮ್ಮ ತಾತನನ್ನು ನಾನು ನೋಡಿಲ್ಲ.' ಒಂದೇ ಸಾಲು. ವಿಚಾರಿಸುವ ಅಗತ್ಯವೇ ಬೀಳಲಿಲ್ಲ.