ಎರಡೆರಡು ಸೆಕೆಂಡ್ ಹಾರುವ ಮುಳ್ಳು

ಭೂತಗನ್ನಡಿ ಅಕ್ಕ ಅಂದರೆ ಆ ಬೀದಿಯಲ್ಲಿ ಯಾರಿಗೂ ಬೇರೆ ವಿಳಾಸ ಬೇಡ. ಅಪ್ಪ ಬಿಟ್ಟುಹೋದ ವಾಚ್ ರಿಪೇರಿ ಅಂಗಡಿಯನ್ನು ತಮ್ಮನ ಜೊತೆ ಸೇರಿ ನಡೆಸುತ್ತಿದ್ದಳು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಊಟಕ್ಕೆ ಕೂತಾಗಲೂ ಮರೆತು ಹಾಗೇ ಬಿಡುವವಳು. ಯಾರಾದರೂ 'ಮಳೆ ಬಂತು' ಅಂದರೆ ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿಯೇ ನಂಬುವ ಜಾತಿ. ಅನುಮಾನ ಅವಳಿಗೆ ರೋಗವಲ್ಲ, ಕಸುಬು.

ಈ ಸಲ ಅನುಮಾನ ತಮ್ಮನ ಮೇಲೆಯೇ ತಿರುಗಿತ್ತು.

ಅದನ್ನು ಹೊತ್ತಿಸಿದವಳು ಒಬ್ಬ ಬಸ್ ಡ್ರೈವರ್. ಅವಳ ಸೋಲಾರ್ ವಾಚಿಗೆ ಹದಿನೈದು ವರ್ಷವಾಗಿತ್ತು. ಎಷ್ಟು ಬಿಸಿಲು ತೋರಿಸಿದರೂ ಚಾರ್ಜ್ ನಿಲ್ಲದಿದ್ದಾಗ ತಮ್ಮ ಹೊಸ ಸೆಲ್ ಹಾಕಿ ಕೊಟ್ಟಿದ್ದ. ತಿಂಗಳು ತುಂಬುವ ಮೊದಲೇ ಅವಳು ವಾಪಸ್ ಬಂದಳು. ಗಾಜಿನ ಒಳಗೆ ಮಂಜು ಕಟ್ಟಿತ್ತು.

"ಏನಮ್ಮಾ ಇದು? ಕೈ ತೊಳೆದ್ರೆ ನೀರು ಒಳಗೆ ಹೋಗುತ್ತಲ್ಲ! ಹದಿನೈದು ವರ್ಷದಲ್ಲಿ ಹೀಗಾಗಿರಲಿಲ್ಲ."

ತಮ್ಮ ಟೀ ಕುಡಿಯಲು ಹೋಗಿದ್ದ. ಅಕ್ಕ ವಾಚಿನ ಹಿಂದಿನ ಮುಚ್ಚಳ ತೆಗೆದಳು. ಅವಳ ಎದೆಯಲ್ಲಿದ್ದ ಭಯ ಒಂದೇ: ಕಳ್ಳ ಸೆಲ್. ಈ ವಾಚುಗಳಲ್ಲಿ ಇರಬೇಕಾದದ್ದು ಚಾರ್ಜ್ ಆಗುವ ಸೆಲ್. ಡಯಲ್ ಮೂಲಕ ಇಳಿಯುವ ಬೆಳಕು ಅದನ್ನು ತುಂಬಿಸುತ್ತದೆ. ಅದರ ಜಾಗಕ್ಕೆ ಅಗ್ಗದ ಮಾಮೂಲಿ ಸೆಲ್ ತುರುಕಿದರೆ ಕೆಲವು ದಿನ ಓಡೀತು, ಆಮೇಲೆ ಬೆಳಕು ಬಿದ್ದ ಹಾಗೆಲ್ಲ ಬಲವಂತದ ಚಾರ್ಜ್ ಹೋಗಿ ಊದಿಕೊಂಡು ಸೋರುತ್ತದೆ, ಯಂತ್ರವೇ ಕೆಡುತ್ತದೆ. ಅಂಥ ಕೆಲಸ ಮಾಡುವ ಅಂಗಡಿಗಳನ್ನು ಅವಳು ಬಲ್ಲಳು.

ಸೆಲ್ ಸರಿಯಾದದ್ದೇ ಇತ್ತು. ಆದರೆ ನೀರು ತಡೆಯುವ ರಬ್ಬರ್ ರಿಂಗ್ ಮುಚ್ಚಳದಡಿ ಸಿಕ್ಕಿ ನಜ್ಜುಗುಜ್ಜಾಗಿತ್ತು. ಒಳಗೆ ಸ್ಕ್ರೂಡ್ರೈವರ್ ಜಾರಿದ ಗೀರು. ತಮ್ಮನ ಕೈಯಲ್ಲಿ ಸ್ಕ್ರೂಡ್ರೈವರ್ ಜಾರುವುದೇ! ಅಪ್ಪನೇ ಅವನ ಕೈಚಳಕ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದ. ಇದು ಮನಸ್ಸಿಲ್ಲದ ಕೆಲಸ ಅಂದುಕೊಂಡಳು ಅಕ್ಕ. ಒಂದು ಕಾಲು ಬೇರೆ ಅಂಗಡಿಯಲ್ಲಿಟ್ಟಿದ್ದಾನೆ, ಇಲ್ಲಿಯ ಹೆಸರು ಕೆಡಿಸಿ ಗಿರಾಕಿಗಳನ್ನು ಅಲ್ಲಿಗೆ ಸಾಗಿಸುತ್ತಿದ್ದಾನೆ. ಇನ್ನೊಮ್ಮೆ ಸಿಕ್ಕಿಬಿದ್ದರೆ ಪಾಲು ಬೇರೆ ಮಾಡುವುದೇ ಸೈ ಎಂದು ಒಳಗೊಳಗೇ ಕುದಿದಳು.

ಅಂದಿನಿಂದ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಕಂಡದ್ದು ತಮ್ಮನ ಸ್ವಂತ ವಾಚು. ಅದು ಕೈನೆಟಿಕ್: ಕೈ ಆಡಿದಾಗ ಒಳಗಿನ ಅರ್ಧಚಂದ್ರದ ತೂಕ ತಿರುಗಿ ಪುಟ್ಟ ಜನರೇಟರ್ ಓಡಿಸುತ್ತದೆ, ಅದರ ಕರೆಂಟ್ ಸೆಲ್‌ನಲ್ಲಿ ಕೂಡಿಕೊಳ್ಳುತ್ತದೆ. ಅದರ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಹಾರುತ್ತಿತ್ತು. ಚಾರ್ಜ್ ಮುಗೀತು, ಹೊಟ್ಟೆ ಖಾಲಿ ಅಂತ ವಾಚು ಕೂಗುವ ರೀತಿ ಅದು.

"ಇದ್ಯಾಕೋ ಹೀಗೆ? ದಿನಾ ಕಟ್ಕೋತೀಯ ತಾನೆ?"

"ಹಳೇದಾಯ್ತಲ್ಲಕ್ಕ, ಸೆಲ್ ಸತ್ತಿರ್ಬೇಕು."

"ಕೊಡಿಲ್ಲಿ, ನಾನು ನೋಡ್ತೀನಿ."

ಅವನು ಕೊಡಲು ಹಿಂದೆಮುಂದೆ ನೋಡಿದ. ಅಕ್ಕನಿಗೆ ಅಷ್ಟು ಸಾಕಾಯಿತು. ಮನೆಯಲ್ಲಿ ಬಿಚ್ಚಿ ನೋಡಿದರೆ ಸೆಲ್ ಅವಳೇ ಹೋದ ವರ್ಷ ಹಾಕಿದ್ದು, ತೂಕ ಹಗುರಾಗಿ ತಿರುಗುತ್ತಿತ್ತು. ಆದರೂ ನಂಬದೆ ತನ್ನ ಎಡಗೈಗೇ ಒಂದು ವಾರ ಕಟ್ಟಿಕೊಂಡು ಓಡಾಡಿದಳು. ಮುಳ್ಳು ಒಂದೊಂದೇ ಸೆಕೆಂಡ್ ನಡೆಯತೊಡಗಿತು. ಗುಂಡಿ ಒತ್ತಿದರೆ ಚಾರ್ಜ್ ಕೂಡಿದೆ ಅಂತ ಟಪ್ಪನೆ ಮುಂದೆ ಹಾರಿ ತೋರಿಸಿತು. ತಮ್ಮನಿಗೆ ವಾಪಸ್ ಕೊಟ್ಟಳು. ಕೆಲವೇ ದಿನದಲ್ಲಿ ಮತ್ತೆ ಎರಡೆರಡು.

ವಾಚಿನಲ್ಲಿ ದೋಷವಿಲ್ಲ. ಹಾಗಾದರೆ?

ಮಧ್ಯಾಹ್ನ ತಮ್ಮ ಊಟ ಮುಗಿಸಿ ರಸ್ತೆ ದಾಟಿ ಬರುತ್ತಿದ್ದ. ಅಕ್ಕ ಬಾಗಿಲಲ್ಲಿ ನಿಂತು ಗಿರಾಕಿಯ ವಾಚು ನೋಡುವ ಹಾಗೆ ಅವನನ್ನು ನೋಡಿದಳು. ಬಲಗೈ ಬೀಸಾಗಿ ಆಡುತ್ತಿತ್ತು. ವಾಚು ಕಟ್ಟಿದ ಎಡಗೈ ಪ್ಯಾಂಟ್ ಜೇಬಿನಿಂದ ಈಚೆಗೆ ಬರಲಿಲ್ಲ. ನೆನಪಿಸಿಕೊಂಡರೆ ಎಷ್ಟೋ ತಿಂಗಳಿಂದ ಬಂದಿರಲಿಲ್ಲ. ಮುಚ್ಚಳ ಕೂರಿಸುವಾಗ ವಾಚು ಹಿಡಿಯುವ ಕೈ ಅದೇ. ಅವನು ಒಳಗೆ ಬಂದು ಮೇಜಿನ ಮುಂದೆ ಕೂರುತ್ತಲೇ ಅಕ್ಕ ಎದುರು ಬಂದು ನಿಂತಳು.

"ಎಡಗೈ ತೆಗಿ."

"ಯಾಕಕ್ಕ, ಏನಾಯ್ತು?"

"ತೆಗಿಯೋ ಅಂದೆ!"

ಅವನು ಕೈಯನ್ನು ಮೇಜಿನ ಮೇಲೆ ದೀಪದಡಿ ಇಟ್ಟ. ಸುಮ್ಮನಿದ್ದ ಹೆಬ್ಬೆರಳು ತೋರುಬೆರಳಿಗೆ ತಾನಾಗಿಯೇ ಉಜ್ಜುತ್ತಿತ್ತು, ಇಲ್ಲದ ವಾಚಿಗೆ ಕೀಲಿ ಕೊಡುತ್ತಿರುವ ಹಾಗೆ. ಅವನು ಬಲಗೈಯಿಂದ ಒತ್ತಿ ಹಿಡಿದರೂ ನಿಲ್ಲಲಿಲ್ಲ.

"ಯಾವಾಗಿಂದ?"

"ಬೇಸಿಗೆಯಿಂದ. ನಿನಗೆ ಹೇಳಿದ್ರೆ ಕೆಲಸ ಬಿಡಿಸ್ತೀಯ ಅಂತ ಭಯ ಆಯ್ತು. ಈ ಕೆಲಸ ಬಿಟ್ರೆ ನನಗೆ ಇನ್ನೇನು ಬರುತ್ತೆ?"

ಅಕ್ಕ ಭೂತಗನ್ನಡಿ ತೆಗೆದಿಟ್ಟಳು.

"ನಾನು ನಿನ್ನ ಕಳ್ಳ ಅಂದ್ಕೊಂಡಿದ್ದೆ ಕಣೋ."

ತಮ್ಮ ನಗಲು ನೋಡಿದ. "ಹಾಗೇ ಆಗಿದ್ದಿದ್ರೆ ಚೆನ್ನಾಗಿತ್ತಕ್ಕ."

ಹಾಡಹಗಲಲ್ಲೇ ಅಂಗಡಿಯ ಶಟರ್ ಎಳೆದಳು. ವಾಚು ಕಟ್ಟಿದ್ದ ತಮ್ಮನ ಎಡಗೈ ಹಿಡಿದು ಡಾಕ್ಟರ ಬಳಿಗೆ ಹೊರಟಳು. ಕೈ ಅವಳ ಮುಷ್ಟಿಯೊಳಗೂ ನಡುಗುತ್ತಿತ್ತು. ದಾರಿಯುದ್ದಕ್ಕೂ ಅದನ್ನು ಚಿಕ್ಕಂದಿನಲ್ಲಿ ಶಾಲೆಗೆ ಕರೆದೊಯ್ಯುವಾಗ ಮಾಡುತ್ತಿದ್ದಂತೆ ಜೋರಾಗಿ ಹಿಂದಕ್ಕೂ ಮುಂದಕ್ಕೂ ಬೀಸುತ್ತಲೇ ನಡೆದಳು.